ಹೊರದೇಶದಿಂದ ಮಕ್ಕಳು ಕಳಿಸಿದ ಹಣವನ್ನು ಬ್ಯಾಂಕು ತಡೆಹಿಡಿದಾಗ

ನಮ್ಮ ಬೆಳೆಗಾರರ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಹೊರದೇಶದಲ್ಲಿ ದುಡಿಯುತ್ತಿರುವುದು ಈಗ ಅಪರೂಪವಲ್ಲ. ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡುವವರು, ಇಂಗ್ಲೆಂಡ್ ಐರ್ಲೆಂಡುಗಳಲ್ಲಿ ದಾದಿಯರಾಗಿರುವವರು, ಅಮೆರಿಕದಲ್ಲಿ ಇಂಜಿನಿಯರುಗಳಾಗಿರುವವರು ಕಾಫಿ ಕೊಯ್ಲಿನ ಬಟವಾಡೆಗೋ, ಅಡಿಕೆ ತೋಟದ ಮದ್ದಿಗೋ, ಸಂಘದ ಬೆಳೆಸಾಲದ ಕಂತಿಗೋ ಎಂದು ಊರಿಗೆ ಹಣ ಕಳಿಸುತ್ತಾರೆ. ಬಹುಪಾಲು ಸಲ ಅದು ಸದ್ದಿಲ್ಲದೆ ಖಾತೆಗೆ ಬಂದು ಸೇರುತ್ತದೆ. ಆದರೆ ಕೆಲವೊಮ್ಮೆ ಮಗಳು "ಕಳಿಸಿ ವಾರವಾಯಿತು ಅಪ್ಪಯ್ಯ" ಎನ್ನುತ್ತಾಳೆ, ಶಾಖೆಯವರು "ಪರಿಶೀಲನೆಯಲ್ಲಿದೆ, ದಾಖಲೆ ಕೊಡಿ" ಎನ್ನುತ್ತಾರೆ, ಯಾವ ದಾಖಲೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇತ್ತ ಸಂಘದಲ್ಲಿ ಸಾಲದ ವಾಯಿದೆ ಹತ್ತಿರ ಬರುತ್ತಿರುತ್ತದೆ. ವಾಯಿದೆ ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ ಎಂಬುದು ಸದಸ್ಯರೆಲ್ಲರಿಗೂ ಗೊತ್ತಿದ್ದದ್ದೇ. ಆದುದರಿಂದ ಹಣ ಯಾಕೆ ನಿಲ್ಲುತ್ತದೆ, ಅದನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಯಾವ ಕಾಗದಗಳು ಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಮೊದಲು ಹಣ ಬರುವ ದಾರಿಯನ್ನು ತಿಳಿಯೋಣ. ಹೊರದೇಶದ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ನೋಟುಗಳೇನೂ ಬರುವುದಿಲ್ಲ. ಒಂದು ಸಂದೇಶ ಬರುತ್ತದೆ, ಅದರ ಜೊತೆಗೆ ನಮ್ಮ ಬ್ಯಾಂಕು ಹೊರದೇಶದಲ್ಲಿ ಇಟ್ಟುಕೊಂಡಿರುವ ಖಾತೆಗೆ ಆ ದೇಶದ ಹಣ ಜಮಾ ಆಗುತ್ತದೆ. ಆ ಸಂದೇಶದಲ್ಲಿ ಕಳಿಸಿದವರ ಹೆಸರು, ವಿಳಾಸ, ಖಾತೆ ಸಂಖ್ಯೆ, ಪಡೆಯುವವರ ಹೆಸರು, ಖಾತೆ ಸಂಖ್ಯೆ, ಮೊತ್ತ ಮತ್ತು ಯಾವ ಉದ್ದೇಶಕ್ಕೆ ಎಂಬ ಒಂದು ಸಾಲು ಇರುತ್ತದೆ. ಅದನ್ನು ಓದಿ, ಎಲ್ಲ ಸರಿಯಿದೆ ಎಂದು ಕಂಡ ಮೇಲೆ ಮಾತ್ರ ನಮ್ಮ ಬ್ಯಾಂಕು ಆ ಹಣವನ್ನು ರೂಪಾಯಿಗೆ ಪರಿವರ್ತಿಸಿ ತಮ್ಮ ಖಾತೆಗೆ ಹಾಕುತ್ತದೆ. ಹಾಗೆ ಓದುವವರು ತಮ್ಮ ಊರಿನ ಶಾಖೆಯವರಲ್ಲ, ಸಾಮಾನ್ಯವಾಗಿ ದೊಡ್ಡ ನಗರದಲ್ಲಿರುವ ಅದೇ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದವರು. ಶಾಖೆಯ ಗುಮಾಸ್ತರಿಗೆ ವಿಷಯ ಸರಿಯಾಗಿ ಗೊತ್ತಿಲ್ಲದಿರುವುದಕ್ಕೆ ಅರ್ಧ ಕಾರಣ ಇದೇ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಇಲ್ಲಿ ನಮ್ಮ ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಒಂದು ಮಾತಿದೆ. ಕೃಷಿ ಪತ್ತಿನ ಸಹಕಾರ ಸಂಘದ ಉಳಿತಾಯ ಪುಸ್ತಕದ ಸಂಖ್ಯೆಯನ್ನು ಮಕ್ಕಳಿಗೆ ಕೊಟ್ಟು "ಇದಕ್ಕೇ ಕಳಿಸು" ಎಂದರೆ ಆಗುವುದಿಲ್ಲ. ಸಂಘವು ಬ್ಯಾಂಕಲ್ಲ, ಅದಕ್ಕೆ ಹೊರದೇಶದ ಹಣ ಪಡೆಯುವ ಅಧಿಕಾರವಿಲ್ಲ. ವಿದೇಶಿ ವಿನಿಮಯದ ಅಧಿಕಾರ ಪಡೆದ ಬ್ಯಾಂಕಿನ ಖಾತೆಗೆ ತರಿಸಿಕೊಂಡು, ಅಲ್ಲಿಂದ ಸಂಘಕ್ಕೆ ಕಟ್ಟಬೇಕು. ಹಾಗೆಯೇ, ಪೂರ್ತಿ ದಾಖಲೆ ಕೊಡದೆ, ಫೋಟೊ ಮತ್ತು ಸಹಿಯ ಮೇಲೆ ತೆರೆದ "ಸಣ್ಣ ಖಾತೆ" ಎಂಬ ಬಗೆಯ ಖಾತೆಗಳು ಕೆಲವರಲ್ಲಿ ಇವೆ. ಖಾತೆದಾರರ ಗುರುತು ದಾಖಲೆಗಳಿಂದ ಪೂರ್ತಿ ಸಿದ್ಧವಾಗುವವರೆಗೆ ಅಂಥ ಖಾತೆಗೆ ಹೊರದೇಶದ ಹಣ ಜಮಾ ಮಾಡಕೂಡದೆಂದೇ ನಿಯಮವಿದೆ. ಅಂಥ ಖಾತೆಯಿದ್ದವರು ಹಣ ತರಿಸುವ ಮೊದಲೇ ಆಧಾರ್ ಮತ್ತು ಪ್ಯಾನ್ ಕೊಟ್ಟು ಅದನ್ನು ಪೂರ್ಣ ಖಾತೆಯಾಗಿ ಮಾಡಿಸಿಕೊಳ್ಳಬೇಕು.

ಇನ್ನು ಪರಿಶೀಲನೆಯ ವಿಷಯ. ಕಾಗದದ ಪಟ್ಟಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದರೂ, ವಿಭಾಗದವರು ಕೇಳಿಕೊಳ್ಳುವ ಪ್ರಶ್ನೆಗಳು ಮೂರೇ. ಕಳಿಸಿದವರು ಯಾರು? ಬಂದದ್ದು ಈ ಖಾತೆದಾರರಿಗೇ ಹೌದೆ? ಯಾತಕ್ಕೆ ಬಂತು? ಈ ಮೂರರಲ್ಲಿ ಯಾವುದಕ್ಕೆ ಸಂದೇಶದಲ್ಲಿ ಉತ್ತರ ಸಿಗಲಿಲ್ಲವೋ ಆ ಪ್ರಶ್ನೆಯ ಮೇಲೆ ಹಣ ನಿಂತಿರುತ್ತದೆ. ಅದು ಯಾವ ಪ್ರಶ್ನೆ ಎಂದು ತಿಳಿಯದೆ ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಕಟ್ಟಿಕೊಂಡು ಹೋದರೆ, ಹತ್ತು ಜೆರಾಕ್ಸ್ ಕೊಟ್ಟೂ ಬೇಕಾದ ಹನ್ನೊಂದನೆಯದು ಉಳಿದುಹೋಗುತ್ತದೆ. ಪಹಣಿ, ಮನೆ ಕಂದಾಯದ ರಸೀದಿ, ಕಾಫಿ ಬೋರ್ಡಿನ ಕಾಗದ ಇವುಗಳನ್ನು ಕೊಟ್ಟು ಬಂದವರನ್ನು ನಾವು ಬಲ್ಲೆವು. ಈ ಕೆಲಸಕ್ಕೆ ಅವು ಯಾವುವೂ ಬೇಕಿಲ್ಲ.

ವಿಷಯ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಇದು ಒಬ್ಬರ ಕತೆಯಲ್ಲ, ಹಲವರಿಗೆ ಆಗುವುದನ್ನು ಒಂದೇ ಕಡೆ ಸೇರಿಸಿದ್ದೇವೆ, ಹೆಸರೂ ಕಲ್ಪಿತ. ಕೊಪ್ಪ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ, ನಡುವೆ ಸ್ವಲ್ಪ ರೊಬಸ್ಟ ಇರುವ ಒಬ್ಬ ಬೆಳೆಗಾರರು. ಬ್ಯಾಂಕಿನ ಪುಸ್ತಕದಲ್ಲಿ ಅವರ ಹೆಸರು ಎಚ್. ಎನ್. ಸುಬ್ಬಯ್ಯ. ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿ, ಮದುವೆಯಾಗಿದೆ. ಸುಬ್ಬಯ್ಯನವರ ಬೆಳೆಸಾಲಕ್ಕೆ ಮಾರ್ಚ್ 25 ಕೊನೆಯ ದಿನ. ಆ ವರ್ಷ ಕೊಳೆರೋಗದಿಂದ ಫಸಲು ಕಡಿಮೆಯಾದ್ದರಿಂದ ಮಗಳು ಮಾರ್ಚ್ 4ರಂದು 3,000 ಪೌಂಡು ಕಳಿಸಿದಳು. ಗಂಡ ಹೆಂಡಿರ ಸಂಬಳವೆರಡೂ ಅಳಿಯನ ಖಾತೆಯಲ್ಲೇ ಇರುತ್ತಿದ್ದುದರಿಂದ ಹಣ ಹೋದದ್ದು ಅಳಿಯನ ಖಾತೆಯಿಂದ. ಉದ್ದೇಶ ಬರೆಯುವ ಜಾಗದಲ್ಲಿ ಅವಳು Loan repayment ಎಂದು ಬೆರಳಚ್ಚು ಮಾಡಿದಳು. ಅಪ್ಪನ ಸಾಲ ತೀರಿಸಲಿಕ್ಕೆ ತಾನೇ, ಇದ್ದದ್ದನ್ನು ಬರೆದಳು.

ಹಣ ಮಾರ್ಚ್ 6ಕ್ಕೆ ನಮ್ಮ ದೇಶದ ಬ್ಯಾಂಕಿಗೆ ಬಂತು. 7ರಂದು ಸುಬ್ಬಯ್ಯನವರ ಫೋನಿಗೆ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ವಿದೇಶದಿಂದ ಹಣ ಬಂದಿದೆ, ದಾಖಲೆ ಸಲ್ಲಿಸಿ ಎಂದು ಅದರ ಸಾರಾಂಶ. ಮೋಸದ ಸಂದೇಶಗಳ ಬಗ್ಗೆ ಕೇಳಿದ್ದ ಅವರು ಅದನ್ನು ಅಳಿಸಿಬಿಟ್ಟರು. ಹೀಗೆ ಐದು ದಿನ ವ್ಯರ್ಥವಾಯಿತು. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದಿರುವುದು ಸರಿಯೇ. ಆದರೆ ಅದನ್ನು ಅಳಿಸದೆ, ಮರುದಿನ ಶಾಖೆಗೆ ಹೋಗಿ ತೋರಿಸಿ ವಿಚಾರಿಸುವುದು ಒಳ್ಳೆಯದು. ಮಗಳು ಮತ್ತೆ ಫೋನು ಮಾಡಿದ ಮೇಲೆ, 12ರಂದು ಅವರು ಶಾಖೆಗೆ ಹೋದರು.

ಶಾಖೆಯ ಅಧಿಕಾರಿಗಳು ಗಣಕಯಂತ್ರದಲ್ಲಿ ನೋಡಿ, "ಸುಬ್ಬಯ್ಯನವರೇ, ಹಣ ಬಂದಿದೆ. ಆದರೆ ಹೆಸರು ಹೊಂದುತ್ತಿಲ್ಲ, ಕಳಿಸಿದವರ ಸಂಬಂಧ ಗೊತ್ತಿಲ್ಲ, ಸಾಲ ಅಂತ ಬೇರೆ ಬರೆದಿದೆ" ಎಂದರು. ಒಂದೇ ಹಣದ ಮೇಲೆ ಮೂರು ಪ್ರಶ್ನೆಗಳೂ ನಿಂತಿದ್ದವು. ಒಂದೊಂದಾಗಿ ನೋಡೋಣ.

ಮೊದಲನೆಯದು ಹೆಸರು. ನಮ್ಮ ಕಡೆಯ ಹೆಸರುಗಳಿಗೆ ಮೊದಲಕ್ಷರಗಳೇ ತೊಡಕು. ಬ್ಯಾಂಕಿನಲ್ಲಿ ಎಚ್. ಎನ್. ಸುಬ್ಬಯ್ಯ ಎಂದಿದೆ. ಮಗಳ ಬ್ಯಾಂಕು ಕಳಿಸುವಾಗ ಮೊದಲಕ್ಷರಗಳನ್ನು ಒಪ್ಪದೆ ಪೂರ್ಣ ಹೆಸರು ಕೇಳಿತು. ಅವಳು ಊರು, ಅಜ್ಜನ ಹೆಸರು ಬಿಡಿಸಿ ಹರಿಹರಪುರ ನಾಗಪ್ಪ ಸುಬ್ಬಯ್ಯ ಎಂದು ಹಾಕಿದಳು. ಆ ದೇಶದವರ ನಮೂನೆಯಲ್ಲಿ ಹೆಸರು ಮುಂದೆ, ಮನೆತನದ ಹೆಸರು ಹಿಂದೆ ಆದ್ದರಿಂದ ಸಂದೇಶದಲ್ಲಿ ಅದು ಸುಬ್ಬಯ್ಯ ಹರಿಹರಪುರ ಎಂದಾಯಿತು. ಊರೊಳಗೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ನೆಫ್ಟ್ ಮಾಡುವಾಗ ಖಾತೆ ಸಂಖ್ಯೆಯೊಂದರ ಮೇಲೆಯೇ ಜಮಾ ಆಗುವುದನ್ನು ಕಂಡವರಿಗೆ, ಹೆಸರಿಗೆ ಇಷ್ಟೇಕೆ ಬೆಲೆ ಎನಿಸಬಹುದು. ಹೊರದೇಶದ ಹಣದಲ್ಲಿ ಹಾಗಿಲ್ಲ, ಹೆಸರನ್ನೂ ಸಂಖ್ಯೆಯನ್ನೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಬೇರೆಯವರ ಹಣ ಇವರಿಗೆ ಹೋದೀತೆಂದು ನಿಲ್ಲಿಸುತ್ತಾರೆ.

ಇದಕ್ಕೆ ಬೇಕಾದದ್ದು ಎರಡೂ ಹೆಸರುಗಳು ಒಬ್ಬರವೇ ಎಂದು ತೋರಿಸುವ ಕಾಗದ. ಆಧಾರ್ ಅಥವಾ ಪ್ಯಾನ್ ಕಾರ್ಡಿನಲ್ಲಿ ಮೊದಲಕ್ಷರಗಳು ಬಿಡಿಸಿದ ಪೂರ್ಣ ಹೆಸರಿದ್ದರೆ ಬಹಳಷ್ಟು ಸಲ ಅದೇ ಸಾಕಾಗುತ್ತದೆ. ಅದರಲ್ಲೂ ಮೊದಲಕ್ಷರಗಳೇ ಇದ್ದರೆ "ಈ ಎರಡು ಹೆಸರುಗಳ ವ್ಯಕ್ತಿ ನಾನೊಬ್ಬನೇ" ಎಂದು ಛಾಪಾ ಕಾಗದದ ಮೇಲೆ ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರ ಕೇಳುತ್ತಾರೆ. ಇದಲ್ಲದೆ ಮಗಳು ತನ್ನ ಬ್ಯಾಂಕಿಗೆ ಹೇಳಿ, ಪಡೆಯುವವರ ಹೆಸರು ಇಂಥದ್ದು ಎಂದು ತಿದ್ದುಪಡಿಯ ಸಂದೇಶ ಕಳಿಸಲೂಬಹುದು. ಆದರೆ ಅದಕ್ಕೆ ಕೆಲವು ಬ್ಯಾಂಕುಗಳು ಶುಲ್ಕ ಹಿಡಿಯುತ್ತವೆ, ದಿನಗಳೂ ಹಿಡಿಯುತ್ತವೆ. ಖಾತೆ ಸಂಖ್ಯೆಯೇ ತಪ್ಪಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ತಿದ್ದುಪಡಿ ಬರಲೇಬೇಕು.

ಎರಡನೆಯದು ಕಳಿಸಿದವರು. ಸುಬ್ಬಯ್ಯನವರು ಕೌಂಟರಿನಲ್ಲಿ "ಮಗಳು ಕಳಿಸಿದ್ದು" ಎಂದರು, ಸಂದೇಶದಲ್ಲಿ ಇದ್ದದ್ದು ಬೇರೆ ಮನೆತನದ ಗಂಡಸಿನ ಹೆಸರು. ಬ್ಯಾಂಕಿನವರು ಇಂಥಲ್ಲಿ ಸಂದೇಹಪಡುವುದು ಸಹಜ. ಅಪರಿಚಿತರ ಹಣ ಹಳ್ಳಿಯವರ ಖಾತೆಗಳ ಮೂಲಕ ಹಾದುಹೋಗುವ ಮೋಸಗಳು ನಡೆಯುತ್ತಲೇ ಇವೆ. ಇಲ್ಲಿ ಬೇಕಾದದ್ದು ಸಂಬಂಧದ ಸರಪಳಿ. ಅಪ್ಪನಿಂದ ಮಗಳಿಗೆ ಒಂದು ಕೊಂಡಿ, ಮಗಳಿಂದ ಅಳಿಯನಿಗೆ ಇನ್ನೊಂದು. ಮೊದಲ ಕೊಂಡಿಗೆ ಮಗಳ ಜನನ ಪತ್ರವೋ, ತಂದೆಯ ಹೆಸರಿರುವ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೋ ಆಗುತ್ತದೆ. ನಾಡಕಚೇರಿಯ ವಂಶವೃಕ್ಷವನ್ನು ಕೆಲವು ಶಾಖೆಗಳು ಒಪ್ಪುತ್ತವೆ, ಆದರೆ ಅದಕ್ಕೆ ಅರ್ಜಿ ಹಾಕಿ ಕಾಯುವ ಹೊತ್ತಿಗೆ ವಾಯಿದೆ ಮುಗಿದಿರುತ್ತದೆ, ಆದ್ದರಿಂದ ಅಂಕಪಟ್ಟಿಯನ್ನೇ ಮೊದಲು ಹುಡುಕುವುದು ಜಾಣತನ. ಎರಡನೆಯ ಕೊಂಡಿಗೆ ವಿವಾಹ ನೋಂದಣಿ ಪತ್ರ. ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರೂ ಗಂಡನ ಹೆಸರೂ ಮುದ್ರಿತವಾಗಿದ್ದರೆ ಆ ಒಂದೇ ಪುಟ ಎರಡೂ ಕೊಂಡಿಗಳನ್ನು ತೋರಿಸುತ್ತದೆ. ಇಷ್ಟರ ಜೊತೆಗೆ ಕಳಿಸಿದವರ, ಅಂದರೆ ಅಳಿಯನ, ಪಾಸ್‌ಪೋರ್ಟಿನ ಮೊದಲ ಪುಟ, ಆ ದೇಶದಲ್ಲಿ ಇರಲು ಕೊಟ್ಟ ವೀಸಾ ಅಥವಾ ವಾಸದ ಪರವಾನಗಿಯ ಪ್ರತಿ ಕೇಳುವುದುಂಟು. ಮೊತ್ತ ದೊಡ್ಡದಾಗಿ, ಹಿಂದೆಂದೂ ಆ ಖಾತೆಗೆ ಅಷ್ಟು ಬಂದಿರದಿದ್ದರೆ, ಹಣ ಸಂಬಳದ್ದೇ ಎಂದು ತೋರಿಸಲು ಎರಡು ಮೂರು ತಿಂಗಳ ಸಂಬಳದ ಚೀಟಿಯನ್ನೂ ಕೇಳಬಹುದು.

ಈ ಸಂಬಂಧದ ಕಾಗದ ಇನ್ನೊಂದು ಕಡೆಗೂ ಬೇಕಾಗುತ್ತದೆ. ಮಗ, ಮಗಳು, ಅಳಿಯ, ಸೊಸೆ, ಒಡಹುಟ್ಟಿದವರು ಇವರಿಂದ ಉಡುಗೊರೆಯಾಗಿ ಬಂದ ಹಣಕ್ಕೆ ಪಡೆದವರು ಆದಾಯ ತೆರಿಗೆ ಕೊಡಬೇಕಿಲ್ಲ. ಆದರೆ ಅಣ್ಣನ ಮಗ ಚಿಕ್ಕಪ್ಪನಿಗೆ ಕಳಿಸಿದರೆ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಒಬ್ಬರಿಗೊಬ್ಬರು ಕಳಿಸಿದರೆ, ತೆರಿಗೆ ಕಾನೂನಿನ ಲೆಕ್ಕದಲ್ಲಿ ಅವರು ಸಂಬಂಧಿಕರಲ್ಲ. ಅಂಥ ಹಣ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ನಮ್ಮ ಕೂಡು ಕುಟುಂಬದ ಲೆಕ್ಕವೇ ಬೇರೆ, ಕಾನೂನಿನ ಲೆಕ್ಕವೇ ಬೇರೆ. ಅಣ್ಣನ ಮಗ ಹಣ ಕಳಿಸುವುದಾದರೆ ತನ್ನ ತಂದೆಗೆ ಕಳಿಸಿ, ಅಣ್ಣ ತಮ್ಮನಿಗೆ ಕೊಡುವುದು ಬೇರೆ ಮಾತು. ಅದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಯೇ ಮಾಡಬೇಕು.

ಮೂರನೆಯದು ಉದ್ದೇಶ. ನಮ್ಮ ದೃಷ್ಟಿಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ, ಅತಿ ಸುಲಭವಾಗಿ ತಪ್ಪಿಸಬಹುದಾದದ್ದೂ ಇದೇ. ಒಳಬರುವ ಪ್ರತಿಯೊಂದು ವಿದೇಶಿ ಹಣಕ್ಕೂ ಬ್ಯಾಂಕು ರಿಸರ್ವ್ ಬ್ಯಾಂಕಿಗೆ ಒಂದು ಉದ್ದೇಶದ ಸಂಕೇತವನ್ನು ವರದಿ ಮಾಡಬೇಕು. ಹೊರದೇಶದಲ್ಲಿರುವ ಭಾರತೀಯರು ಮನೆಯವರ ಜೀವನ ನಿರ್ವಹಣೆಗೆ ಮತ್ತು ಉಳಿತಾಯಕ್ಕೆ ಕಳಿಸಿದ ಹಣಕ್ಕೆ P1301 ಎಂಬ ಸಂಕೇತ, ವೈಯಕ್ತಿಕ ಉಡುಗೊರೆಗೆ P1302. ಮಗಳು ಬರೆದ ಸಾಲಿನಲ್ಲಿ ಸಾಲದ ಮಾತಿತ್ತು. ಓದಿದವರಿಗೆ ತಿಳಿದದ್ದು, ಸುಬ್ಬಯ್ಯನವರು ಹೊರದೇಶದವರಿಗೆ ಸಾಲ ಕೊಟ್ಟಿದ್ದರು, ಅದು ಮರಳಿ ಬಂತು ಎಂದೋ, ಇಲ್ಲವೆ ಹೊರದೇಶದಿಂದ ಸಾಲ ಪಡೆಯುತ್ತಿದ್ದಾರೆ ಎಂದೋ. ದೇಶದ ಒಳಗಿನವರು ಹೊರಗಿನವರ ಜೊತೆ ಸಾಲ ಕೊಡುವುದಕ್ಕೂ ಪಡೆಯುವುದಕ್ಕೂ ವಿದೇಶಿ ವಿನಿಮಯ ಕಾಯಿದೆಯಲ್ಲಿ ಬೇರೆ ನಿಯಮಗಳಿವೆ, ಬೇರೆ ಕಾಗದಗಳಿವೆ. ಕೊಪ್ಪದ ಸಂಘದ ಬೆಳೆಸಾಲದ ವಿಷಯ ಇಂಗ್ಲಿಷಿನ ಆ ಎರಡು ಶಬ್ದಗಳಲ್ಲಿ ಎಲ್ಲಿ ಕಾಣಬೇಕು?

ಇದಕ್ಕೆ ಉತ್ತರ ಒಂದು ಪತ್ರ. ಬಹುತೇಕ ಬ್ಯಾಂಕುಗಳಲ್ಲಿ ಇದಕ್ಕೆ ಅಚ್ಚಾದ ನಮೂನೆಯಿರುತ್ತದೆ. ಬಂದ ಹಣವನ್ನು ಏನು ಮಾಡಬೇಕೆಂಬ ಸೂಚನೆ, ಉದ್ದೇಶದ ಸಂಕೇತ, ಮತ್ತು ವಿದೇಶಿ ವಿನಿಮಯ ಕಾಯಿದೆಗೆ ವಿರೋಧವಾಗಿಲ್ಲ ಎಂಬ ಘೋಷಣೆ ಅದರಲ್ಲಿ ಸೇರಿರುತ್ತವೆ. ನಮೂನೆ ತುಂಬಿದರೂ, ಇಂಥ ಗೊಂದಲವಿದ್ದಲ್ಲಿ ಅದರ ಜೊತೆಗೆ ನಾಲ್ಕು ಸಾಲಿನ ವಿವರಣೆಯ ಪತ್ರ ಇಡುವುದು ಒಳ್ಳೆಯದು. ಸುಬ್ಬಯ್ಯನವರು ಬರೆದದ್ದು ಹೀಗೆ:

"ನನ್ನ ಖಾತೆಗೆ ಮಾರ್ಚ್ 6ರಂದು ಬಂದಿರುವ 3,000 ಪೌಂಡು ಹಣವು ಇಂಗ್ಲೆಂಡಿನಲ್ಲಿರುವ ನನ್ನ ಮಗಳು ಮತ್ತು ಅಳಿಯ ತಮ್ಮ ಸಂಬಳದ ಉಳಿತಾಯದಿಂದ ಕುಟುಂಬ ನಿರ್ವಹಣೆಗೆ ಕಳಿಸಿದ್ದು. ಇದನ್ನು ಮರಳಿಸಬೇಕಾಗಿಲ್ಲ. ಸಂದೇಶದಲ್ಲಿ ಸಾಲ ಎಂದಿರುವುದು ನಾನು ಇಲ್ಲಿನ ಸಹಕಾರ ಸಂಘದಲ್ಲಿ ಪಡೆದ ಬೆಳೆಸಾಲಕ್ಕೆ ಸಂಬಂಧಿಸಿದ್ದು. ಕಳಿಸಿದವರಿಗೂ ನನಗೂ ಯಾವ ಸಾಲದ ವ್ಯವಹಾರವೂ ಇಲ್ಲ. ಉದ್ದೇಶದ ಸಂಕೇತ P1301. ಪೂರ್ತಿ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನನ್ನ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ."

"ಮರಳಿಸಬೇಕಾಗಿಲ್ಲ" ಎಂಬ ಒಂದು ಶಬ್ದ ಇಲ್ಲಿ ಮುಖ್ಯ. ಅದು ಇಲ್ಲದಿದ್ದರೆ ಸಾಲದ ಸಂದೇಹ ಹೋಗುವುದಿಲ್ಲ. ಇದರೊಂದಿಗೆ ಸಂಘದ ಸಾಲದ ಪುಸ್ತಕದ ಪ್ರತಿಯನ್ನೂ ಅವರು ಇಟ್ಟರು. ಅಳಿಯನಿಂದ ಇದೇ ಅರ್ಥದ ಒಂದು ಪತ್ರವನ್ನು ಸಹಿ ಮಾಡಿಸಿ ತರಿಸಿಕೊಂಡರು. ಕಾಗದಗಳು 13ರಂದು ಶಾಖೆಯಿಂದ ವಿಭಾಗಕ್ಕೆ ಹೋದವು. 17ಕ್ಕೆ ಅಳಿಯನ ವಾಸದ ಪರವಾನಗಿಯ ಪ್ರತಿ ಬೇಕೆಂದು ಮತ್ತೆ ಕೇಳಿದರು, ಅದನ್ನು ಅಂದೇ ಮಿಂಚಂಚೆಯಲ್ಲಿ ತರಿಸಿ ಕೊಟ್ಟರು. 19ಕ್ಕೆ ಹಣ ಖಾತೆಗೆ ಬಿತ್ತು, ವಾಯಿದೆಗೆ ಆರು ದಿನ ಉಳಿದಿತ್ತು. ಪರಿವರ್ತನೆ ಆದದ್ದು 19ರ ದರದಲ್ಲಿ, ಮಗಳು ಕಳಿಸಿದ 4ರ ದರದಲ್ಲಲ್ಲ. ತಡವಾದಷ್ಟೂ ದರ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಅಣಾ ಪೈಸೆ ಎಣಿಸಿ ಸಾಲದ ಮೊತ್ತಕ್ಕೆ ಸರಿಯಾಗಿ ಕಳಿಸಿದವರಿಗೆ ಕೊನೆಗೆ ನಾಲ್ಕು ಸಾವಿರ ಕಮ್ಮಿ ಬೀಳುವುದು ಹೀಗೆಯೇ.

ಉದ್ದೇಶದ ವಿಷಯದಲ್ಲಿಯೇ ನಮ್ಮ ಬೆಳೆಗಾರರಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಮಗ ಹಣ ಕಳಿಸುವಾಗ "ಕಾಫಿ ತೋಟ ಖರೀದಿಗೆ" ಎಂದು ಬರೆಯುತ್ತಾನೆ. ಹೊರದೇಶದಲ್ಲಿ ನೆಲೆಸಿದವರು ನಮ್ಮ ದೇಶದಲ್ಲಿ ಮನೆ, ಅಂಗಡಿ ಕೊಳ್ಳಬಹುದು, ಆದರೆ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಹಿರಿಯರಿಂದ ಉತ್ತರಾಧಿಕಾರವಾಗಿ ಬಂದರೆ ಅಡ್ಡಿಯಿಲ್ಲ. ಆದ್ದರಿಂದ ಅಂಥ ಸಾಲನ್ನು ಕಂಡ ಕೂಡಲೇ ಬ್ಯಾಂಕು ಹಣ ನಿಲ್ಲಿಸುತ್ತದೆ. ಇಲ್ಲಿ ವಾಸವಾಗಿರುವ ತಂದೆ, ಮಗ ಕೊಟ್ಟ ಹಣದಲ್ಲಿ, ತನ್ನ ಹೆಸರಿಗೆ ತೋಟ ಕೊಳ್ಳುವುದಕ್ಕೆ ಈ ನಿರ್ಬಂಧ ತಾಗುವುದಿಲ್ಲ. ಅದು ಹಾಗಿದ್ದರೆ ಹಾಗೆಂದೇ ಪತ್ರದಲ್ಲಿ ಸ್ಪಷ್ಟಪಡಿಸಬೇಕು. ಕ್ರಯಪತ್ರ ಮಗನ ಹೆಸರಿಗೇ ಆಗುವುದಿದ್ದರೆ, "ಕುಟುಂಬ ನಿರ್ವಹಣೆ" ಎಂದು ಬರೆದು ಹಣ ಬಿಡಿಸಿಕೊಂಡರೂ ಮುಂದೆ ತೊಂದರೆ ತಪ್ಪಿದ್ದಲ್ಲ. ಸುಳ್ಳು ಉದ್ದೇಶ ಬರೆಯಿರಿ ಎಂದು ಸಲಹೆ ಕೊಡುವ ಮಧ್ಯವರ್ತಿಗಳ ಮಾತನ್ನು ಕೇಳಬಾರದು.

ಕಾಗದಗಳಿಂದ ಬಗೆಹರಿಯದ ತಡೆಯೂ ಒಂದಿದೆ. ಭಯೋತ್ಪಾದನೆ ಮುಂತಾದ ಕಾರಣಗಳಿಗೆ ನಿರ್ಬಂಧಿಸಿದವರ ಹೆಸರುಗಳ ಅಂತಾರಾಷ್ಟ್ರೀಯ ಪಟ್ಟಿಗಳ ಜೊತೆ ಪ್ರತಿಯೊಂದು ಹಣವನ್ನೂ ಯಂತ್ರ ತಾಳೆ ನೋಡುತ್ತದೆ. ಸಾವಿರಾರು ಜನರಿಗೆ ಇರುವ ಸಾಮಾನ್ಯ ಹೆಸರು ಪಟ್ಟಿಯಲ್ಲಿರುವ ಒಂದು ಹೆಸರನ್ನು ಹೋಲಿದರೆ ಸಾಕು, ಹಣ ನಿಲ್ಲುತ್ತದೆ. ನಿಂತದ್ದು ಅಪರಾಧ ಮಾಡಿದ್ದಕ್ಕಲ್ಲ, ಹೆಸರು ಹೋಲಿದ್ದಕ್ಕೆ. ಕಳಿಸಿದವರ ಹುಟ್ಟಿದ ದಿನಾಂಕ, ಹುಟ್ಟಿದ ಊರು, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ಪಟ್ಟಿಯ ಮನುಷ್ಯ ಬೇರೆ ಎಂದು ಅವರು ತೀರ್ಮಾನಿಸುತ್ತಾರೆ. ಆದರೆ ಅದಕ್ಕೆ ಎಷ್ಟು ದಿನ ಎಂದು ಶಾಖೆಯವರು ಹೇಳಲಾರರು. ಸಂದೇಹದ ವ್ಯವಹಾರವೆಂದು ಸರಕಾರಕ್ಕೆ ವರದಿಯೇನಾದರೂ ಹೋಗಿದ್ದರೆ, ಆ ವಿಷಯವನ್ನು ಗ್ರಾಹಕರಿಗೆ ತಿಳಿಸದಂತೆ ಕಾನೂನೇ ಅವರನ್ನು ಕಟ್ಟಿಹಾಕಿದೆ. ಇಂಥಲ್ಲಿ ಸಾಲದ ವಾಯಿದೆ ಹತ್ತಿರವಿದ್ದರೆ ಆ ಹಣವನ್ನೇ ನಂಬಿ ಕೂರದೆ ಬೇರೆ ಏರ್ಪಾಡು ನೋಡಿಕೊಳ್ಳುವುದು ಕ್ಷೇಮ.

ಕೆಲವು ಸಲ ಹಣ ನಮ್ಮ ಬ್ಯಾಂಕಿಗೆ ಬಂದೇ ಇರುವುದಿಲ್ಲ. ಕಳಿಸಿದ ಬ್ಯಾಂಕಿನಲ್ಲಿಯೋ, ದಾರಿಯಲ್ಲಿರುವ ಮಧ್ಯದ ಬ್ಯಾಂಕಿನಲ್ಲಿಯೋ ನಿಂತಿರುತ್ತದೆ. ಆಗ ಇಲ್ಲಿ ಎಷ್ಟು ಕಾಗದ ಕೊಟ್ಟರೂ ಉಪಯೋಗವಿಲ್ಲ. ಇದನ್ನು ತಿಳಿಯಲು ಒಂದು ನಿಶ್ಚಿತ ಉಪಾಯವಿದೆ. ಸ್ವಿಫ್ಟ್ ಮೂಲಕ ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿದ ಹಣಕ್ಕೆ UETR ಎಂಬ 36 ಅಕ್ಷರಗಳ ಗುರುತು ಇರುತ್ತದೆ. ಮಗಳು ತನ್ನ ಬ್ಯಾಂಕಿನಲ್ಲಿ ಅದನ್ನೂ, ಕಳಿಸಿದ ಸಂದೇಶದ ಪ್ರತಿಯನ್ನೂ ಕೇಳಿ ಪಡೆಯಬೇಕು. ಆ ಗುರುತಿನಿಂದ ಹಣ ಯಾವ ಬ್ಯಾಂಕಿನಲ್ಲಿ ಇದೆ ಎಂದು ಎರಡೂ ಕಡೆಯವರು ನೋಡಬಲ್ಲರು. ಸಂದೇಶದ ಪ್ರತಿ ಕೈಯಲ್ಲಿದ್ದರೆ ಹೆಸರು ಹೇಗೆ ಬಂದಿದೆ, ಉದ್ದೇಶ ಏನೆಂದು ಬಂದಿದೆ ಎಂಬುದನ್ನೂ ನಾವೇ ಓದಬಹುದು, ಯಾವ ಪ್ರಶ್ನೆಯ ಮೇಲೆ ಹಣ ನಿಂತಿದೆ ಎಂದು ಊಹಿಸಬೇಕಿಲ್ಲ. ಶಾಖೆಗೆ ಹೋಗುವ ಮೊದಲು ತರಿಸಿಕೊಳ್ಳಬೇಕಾದ ಕಾಗದ ಯಾವುದೆಂದರೆ ನಾವು ಇದನ್ನೇ ಹೇಳುತ್ತೇವೆ.

ಕಾಗದ ಕೊಟ್ಟಾಗ ಪ್ರತಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಏನು ಬೇಕೆಂದು ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಕೊಡಿ ಎಂದು ವಿನಯದಿಂದಲೇ ಕೇಳಬೇಕು. ಕೇಳಿದ್ದೆಲ್ಲ ಕೊಟ್ಟ ಮೇಲೂ ಉತ್ತರ ಬಾರದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಸಮಾಧಾನ ಸಿಗದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರಿಗೆ cms.rbi.org.in ಎಂಬಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ದಾಖಲೆ ಕೊಡದೆ ಬಿಟ್ಟರೆ ಹಣವೇನೂ ಮುಳುಗುವುದಿಲ್ಲ, ಕಳಿಸಿದವರಿಗೇ ಮರಳುತ್ತದೆ. ಆದರೆ ಬ್ಯಾಂಕುಗಳ ಶುಲ್ಕ ಮುರಿದುಕೊಂಡು ಮರಳುವುದರಿಂದ ಕಳಿಸಿದಷ್ಟು ಪೂರ್ತಿ ಸಿಗುವುದಿಲ್ಲ.

ಎಚ್ಚರಿಕೆಯ ಒಂದು ಮಾತು. "ನಿಮ್ಮ ವಿದೇಶಿ ಹಣ ರಿಸರ್ವ್ ಬ್ಯಾಂಕಿನಲ್ಲಿ ನಿಂತಿದೆ, ಬಿಡುಗಡೆ ಶುಲ್ಕವೆಂದು ಇಷ್ಟು ಕಳಿಸಿ" ಎಂದು ಫೋನು ಮಾಡುವವರಿದ್ದಾರೆ. ಖಾಸಗಿಯವರಿಗೆ ಬಂದ ಹಣವನ್ನು ರಿಸರ್ವ್ ಬ್ಯಾಂಕು ತಾನೇ ಇಟ್ಟುಕೊಂಡು ಶುಲ್ಕ ಕೇಳುವ ಪದ್ಧತಿಯೇ ಇಲ್ಲ. ನಿಜವಾದ ಬ್ಯಾಂಕಿನ ಶುಲ್ಕ ಮತ್ತು ಪರಿವರ್ತನೆಯ ಮೇಲಿನ ಜಿ.ಎಸ್.ಟಿ.ಯನ್ನು ಬಂದ ಹಣದಲ್ಲಿಯೋ ತಮ್ಮ ಖಾತೆಯಲ್ಲಿಯೋ ಬ್ಯಾಂಕೇ ಮುರಿದುಕೊಳ್ಳುತ್ತದೆ. ಬೇರೆಯವರ ಹೆಸರಿನ ಖಾತೆಗೆ ಮುಂಗಡವಾಗಿ ಹಣ ಹಾಕಿ ಎಂದವರು ಯಾರೇ ಆಗಲಿ ಮೋಸಗಾರರು.

ಹಣ ಜಮಾ ಆದ ಮೇಲೆ ಬ್ಯಾಂಕಿನಿಂದ ವಿದೇಶಿ ಹಣ ಬಂದ ಸೂಚನಾಪತ್ರವನ್ನು ಕೇಳಿ ಪಡೆಯಬೇಕು, ಅದಕ್ಕೆ ಎಫ್.ಐ.ಆರ್.ಎ. ಎನ್ನುತ್ತಾರೆ. ಅದನ್ನೂ ಸಂಬಂಧದ ಕಾಗದಗಳನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡರೆ ಆದಾಯ ತೆರಿಗೆಯವರು ಕೇಳಿದಾಗಲೂ, ಮುಂದಿನ ಸಲ ಹಣ ನಿಂತಾಗಲೂ ಅದೇ ಕಡತ ಸಾಕು. ಕಳಿಸುವ ಮಗನೋ ಮಗಳೋ ಹೊರದೇಶದ ಪೌರತ್ವ ಪಡೆದಿದ್ದು, ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ಬಂದರೆ ಮಾತ್ರ ವಿದೇಶಿ ವಂತಿಗೆ ಕಾನೂನಿನ ಪ್ರಕಾರ ಕೇಂದ್ರ ಸರಕಾರಕ್ಕೆ ಮೂರು ತಿಂಗಳೊಳಗೆ ತಿಳಿಸಬೇಕಾದ ಒಂದು ನಮೂನೆಯಿದೆ. ಈ ಮಿತಿ 2022ರವರೆಗೆ 1 ಲಕ್ಷವಿತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಡಿಯುವ ಮಕ್ಕಳು ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣಕ್ಕೆ ಇದು ಅನ್ವಯಿಸುವುದಿಲ್ಲ.

ಮುಂದಿನ ಸಲ ಮಗಳಿಗೆ ಸುಬ್ಬಯ್ಯನವರು ಹೇಳಿದ್ದು ಇಷ್ಟು. ಹಣವನ್ನು ತನ್ನ ಹೆಸರೂ ಇರುವ ಖಾತೆಯಿಂದಲೇ ಕಳಿಸಬೇಕು. ಅಪ್ಪನ ಹೆಸರನ್ನು ಪಾಸ್‌ಪುಸ್ತಕದಲ್ಲಿ ಇರುವ ಹಾಗೆಯೇ, ಅದೇ ಕ್ರಮದಲ್ಲಿ ಹಾಕಬೇಕು. ಅದಕ್ಕಾಗಿ ಪಾಸ್‌ಪುಸ್ತಕದ ಮೊದಲ ಪುಟದ ಚಿತ್ರವನ್ನು ತೆಗೆದು ಅವಳಿಗೆ ಕಳಿಸಿದರು. ಅವಳ ಬ್ಯಾಂಕು ಮೊದಲಕ್ಷರಗಳನ್ನು ಒಪ್ಪದ ಕಾರಣ, ತಾವೇ ಶಾಖೆಗೆ ಹೋಗಿ ಆಧಾರ್ ತೋರಿಸಿ ಖಾತೆಯ ಹೆಸರನ್ನು ಪೂರ್ಣವಾಗಿ ಬಿಡಿಸಿ ಬರೆಸಿದರು. ಉದ್ದೇಶದ ಜಾಗದಲ್ಲಿ Family maintenance P1301 ಎಂದಷ್ಟೇ ಬರೆದು ಬೇರೇನನ್ನೂ ಸೇರಿಸಬಾರದು. ವಾಯಿದೆಗೆ ಮೂರು ವಾರ ಮೊದಲೇ ಕಳಿಸಬೇಕು, ಅದಕ್ಕೂ ಮುಂಚೆ 50 ಪೌಂಡು ಕಳಿಸಿ ಹೆಸರು ತಾಳೆಯಾಗಿ ಜಮಾ ಆಯಿತೇ ಎಂದು ನೋಡಿಕೊಳ್ಳಬೇಕು.